ಏಳು ತಂಡ, ಏಳು ಭಾನುವಾರ

ಐದು ತಂಡಗಳ ಕ್ರಿಕೆಟ್ ಲೀಗ್. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಮೇಲೆ ಒಂದೊಂದು ಪಂದ್ಯ ಆಡಬೇಕು. ಪಟ್ಟಿ ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲ ಹೆಸರಿನಿಂದಲೇ ಶುರು ಮಾಡುತ್ತಾರೆ. ಮೊದಲ ಭಾನುವಾರ ಒಂದನೇ ತಂಡಕ್ಕೂ ಎರಡನೇ ತಂಡಕ್ಕೂ ಪಂದ್ಯ, ಮೂರಕ್ಕೂ ನಾಲ್ಕಕ್ಕೂ ಇನ್ನೊಂದು. ಐದನೆಯದು ಆ ದಿನ ಸುಮ್ಮನಿರಲಿ. ಎರಡನೇ ಭಾನುವಾರ 1–3, 2–4. ಮೂರನೇ ಭಾನುವಾರ 1–4, 2–3. ಇಲ್ಲಿಯವರೆಗೆ ಎಲ್ಲವೂ ಸಲೀಸು. ಆಮೇಲೆ ನೋಡಿದರೆ ಐದನೇ ತಂಡ ಮೂರು ವಾರದಿಂದ ಮೈದಾನಕ್ಕೇ ಇಳಿದಿಲ್ಲ, ಉಳಿದಿರುವ ನಾಲ್ಕು ಪಂದ್ಯಗಳೂ ಅದರವೇ. ಒಂದು ತಂಡ ಒಂದು ದಿನಕ್ಕೆ ಒಂದೇ ಪಂದ್ಯ ಆಡುವುದಾದರೆ ಆ ನಾಲ್ಕಕ್ಕೆ ಇನ್ನೂ ನಾಲ್ಕು ಭಾನುವಾರ ಬೇಕು. ಐದು ವಾರದಲ್ಲಿ ಮುಗಿಯಬಹುದಾಗಿದ್ದ ಲೀಗ್ ಏಳು ವಾರಕ್ಕೆ ಹೋಯಿತು. ಮೊದಲ ನಾಲ್ಕು ತಂಡಗಳು ಮೂರು ವಾರ ಬಿಡದೆ ಆಡಿ ಆಮೇಲೆ ಕಾಯುತ್ತ ಕೂರಬೇಕು, ಐದನೆಯದು ಮೂರು ವಾರ ಕಾದು ನಾಲ್ಕು ವಾರ ಬಿಡದೆ ಆಡಬೇಕು.

ಪಟ್ಟಿ ಬರೆದವರು ಯಾವ ನಿಯಮವನ್ನೂ ಮುರಿದಿಲ್ಲ, ಯಾವ ಪಂದ್ಯವನ್ನೂ ಎರಡು ಸಲ ಬರೆದಿಲ್ಲ. ಕೈಗೆ ಸಿಕ್ಕ ಜೋಡಿಯನ್ನು ಬರೆಯುತ್ತ ಹೋದದ್ದಷ್ಟೇ ತೊಂದರೆ. ತಂಡಗಳ ಸಂಖ್ಯೆ ಬೆಸವಾದಾಗ ಪ್ರತಿ ಸುತ್ತಿನಲ್ಲೂ ಒಂದು ತಂಡಕ್ಕೆ ಜೋಡಿ ಸಿಗುವುದಿಲ್ಲ. ಆ ಬಿಡುವು ಯಾರಿಗೆ, ಯಾವ ವಾರ ಎಂಬುದನ್ನು ಕೊನೆಗೆ ಉಳಿದದ್ದಕ್ಕೆ ಬಿಡದೆ ಮೊದಲೇ ಗೊತ್ತು ಮಾಡಿಕೊಂಡರೆ ಪಟ್ಟಿ ತಾನಾಗಿಯೇ ಬರುತ್ತದೆ.

ಇದಕ್ಕೊಂದು ಹಳೆಯ, ಎಂದೂ ಕೈಕೊಡದ ವಿಧಾನವಿದೆ. ಚದುರಂಗದ ಪಂದ್ಯಾವಳಿಗಳಲ್ಲಿ ಆಸ್ಟ್ರಿಯಾದ ಆಟಗಾರ ಯೋಹಾನ್ ಬರ್ಗರ್ ಹೆಸರಿನ ಪಟ್ಟಿಗಳನ್ನು ಇವತ್ತಿಗೂ ಬಳಸುತ್ತಾರೆ, ಅವುಗಳ ಬೆನ್ನೆಲುಬೂ ಇದೇ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಚೀಟಿಗಳಿದ್ದರೆ ಸಾಕು. ಏಳು ತಂಡಗಳನ್ನು ಇಟ್ಟುಕೊಂಡು ಮಾಡಿ ನೋಡೋಣ. ಕರ್ನಾಟಕ ಪ್ರೀಮಿಯರ್ ಲೀಗ್ 2018 ಮತ್ತು 2019ರಲ್ಲಿ ಏಳು ತಂಡಗಳಿಂದಲೇ ನಡೆದಿತ್ತು. ತಾಲ್ಲೂಕು ಮಟ್ಟದ ಟೆನಿಸ್ ಬಾಲ್ ಲೀಗುಗಳಲ್ಲೂ, ಎಂಟು ತಂಡ ಬರುತ್ತವೆ ಅಂದುಕೊಂಡ ಕಡೆ ಏಳೇ ಹಣ ಕಟ್ಟುವುದು ಹೊಸತೇನಲ್ಲ.

ಮೊದಲು ಲೆಕ್ಕ. ಏಳು ತಂಡಗಳಲ್ಲಿ ಪ್ರತಿಯೊಂದಕ್ಕೂ ಆರು ಎದುರಾಳಿಗಳು. ಏಳಾರಲಿ ನಲವತ್ತೆರಡು. ಒಂದೇ ಪಂದ್ಯವನ್ನು ಎರಡೂ ತಂಡಗಳ ಕಡೆಯಿಂದ ಎಣಿಸಿರುವುದರಿಂದ ಅದರಲ್ಲಿ ಅರ್ಧ, ಅಂದರೆ 21 ಪಂದ್ಯ. ಒಂದು ಸುತ್ತಿನಲ್ಲಿ ಆರು ತಂಡಗಳು ಆಡಬಹುದು, ಮೂರು ಪಂದ್ಯ. ಹಾಗಾಗಿ ಏಳು ಸುತ್ತು. ಇದಕ್ಕಿಂತ ಕಡಿಮೆ ಸುತ್ತಿನಲ್ಲಿ ಮುಗಿಸಲು ಸಾಧ್ಯವೇ ಇಲ್ಲ. ಏಳು ಸುತ್ತು, ಏಳು ತಂಡ, ಸುತ್ತಿಗೊಂದು ಬಿಡುವು: ಪ್ರತಿ ತಂಡಕ್ಕೂ ಸರಿಯಾಗಿ ಒಂದು ಬಿಡುವು ಬರಬೇಕು.

ಈಗ ಒಂದರಿಂದ ಏಳರವರೆಗೆ ಬರೆದ ಚೀಟಿಗಳನ್ನು ಮೇಜಿನ ಮೇಲೆ ದುಂಡಗೆ ಇಡಿ. ಮೇಲ್ತುದಿಯಲ್ಲಿ 7. ಅದರ ಬಲಕ್ಕೆ ಇಳಿಯುತ್ತ 1, 2, 3. ಎಡಕ್ಕೆ ಇಳಿಯುತ್ತ 6, 5, 4. ಗಡಿಯಾರದ ಮುಳ್ಳು ಸುತ್ತುವಂತೆ ಓದಿದರೆ ಏಳಾದ ಮೇಲೆ ಒಂದು, ಎರಡು, ಮೂರು ಎಂದು ಕ್ರಮವಾಗಿಯೇ ಬರುತ್ತದೆ. ಮೇಲ್ತುದಿಯಲ್ಲಿರುವ ತಂಡಕ್ಕೆ ಬಿಡುವು. ಉಳಿದ ಆರು ಚೀಟಿಗಳಲ್ಲಿ ಎದುರುಬದುರಾಗಿ ಒಂದೇ ಸಾಲಿನಲ್ಲಿರುವ ಎರಡೆರಡು ತಂಡಗಳ ನಡುವೆ ಪಂದ್ಯ. ಮೇಲಿನ ಸಾಲಿನಲ್ಲಿ 1 ಮತ್ತು 6, ನಡುವಿನ ಸಾಲಿನಲ್ಲಿ 2 ಮತ್ತು 5, ಕೆಳಗಿನ ಸಾಲಿನಲ್ಲಿ 3 ಮತ್ತು 4. ಮೊದಲ ಸುತ್ತು ಮುಗಿಯಿತು.

ಎರಡನೇ ಸುತ್ತಿಗೆ ಎಲ್ಲ ಚೀಟಿಗಳನ್ನೂ ಬಲಮುಖವಾಗಿ ಒಂದೊಂದು ಜಾಗ ಸರಿಸಿ. ಮೇಲಿದ್ದ 7 ಬಲಕ್ಕೆ ಇಳಿಯುತ್ತದೆ, ಎಡಗಡೆ ಮೇಲಿದ್ದ 6 ತುದಿಗೆ ಏರುತ್ತದೆ. ಈಗ ಆರನೇ ತಂಡಕ್ಕೆ ಬಿಡುವು. ಪಂದ್ಯಗಳು 7–5, 1–4, 2–3. ಹೀಗೆ ಒಟ್ಟು ಆರು ಸಲ ಸರಿಸಿದರೆ ಏಳು ಸುತ್ತೂ ಸಿದ್ಧ. ಪ್ರತಿ ಸುತ್ತನ್ನೂ ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು ಎಂಬ ಕ್ರಮದಲ್ಲಿ ಬರೆದಿದ್ದೇನೆ. ಆ ಕ್ರಮಕ್ಕೆ ಮುಂದೆ ಕೆಲಸವಿದೆ.

ಸುತ್ತು 1: 1–6, 5–2, 3–4 (ಬಿಡುವು 7)
ಸುತ್ತು 2: 7–5, 4–1, 2–3 (ಬಿಡುವು 6)
ಸುತ್ತು 3: 6–4, 3–7, 1–2 (ಬಿಡುವು 5)
ಸುತ್ತು 4: 5–3, 2–6, 7–1 (ಬಿಡುವು 4)
ಸುತ್ತು 5: 4–2, 1–5, 6–7 (ಬಿಡುವು 3)
ಸುತ್ತು 6: 3–1, 7–4, 5–6 (ಬಿಡುವು 2)
ಸುತ್ತು 7: 2–7, 6–3, 4–5 (ಬಿಡುವು 1)

ನಡುವಿನ ಸಾಲಿನಲ್ಲಿ ಎಡಗಡೆಯ ತಂಡವನ್ನು ಮೊದಲು ಬರೆದಿರುವುದಕ್ಕೂ ಕಾರಣವಿದೆ, ಅದನ್ನೂ ಆಮೇಲೆ ಹೇಳುತ್ತೇನೆ.

ಇಷ್ಟು ಸುಲಭವಾಗಿ, ಒಂದು ಜೋಡಿಯೂ ಎರಡು ಸಲ ಬರದೆ, ಒಂದೂ ಬಿಟ್ಟುಹೋಗದೆ ಪಟ್ಟಿ ಹೇಗೆ ಕೂಡಿಬಂತು? ಕಾರಣ ಏಳು ಎಂಬ ಬೆಸ ಸಂಖ್ಯೆಯಲ್ಲೇ ಇದೆ. ವೃತ್ತದಲ್ಲಿ ಯಾವುದಾದರೂ ಎರಡು ಚೀಟಿ ಆರಿಸಿಕೊಳ್ಳಿ, 2 ಮತ್ತು 5 ಎನ್ನಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಎರಡು ದಾರಿ. 2ರಿಂದ 3, 4, 5 ಎಂದು ಹೋದರೆ ಮೂರು ಹೆಜ್ಜೆ. ಇನ್ನೊಂದು ಕಡೆಯಿಂದ 5, 6, 7, 1, 2 ಎಂದು ಬಂದರೆ ನಾಲ್ಕು ಹೆಜ್ಜೆ. ಎರಡೂ ದಾರಿಗಳನ್ನು ಕೂಡಿದರೆ ಯಾವಾಗಲೂ ಏಳು. ಮೊತ್ತ ಬೆಸವಾದ್ದರಿಂದ ಒಂದು ದಾರಿ ಸಮ, ಇನ್ನೊಂದು ಬೆಸ ಆಗಲೇಬೇಕು. ಸಮ ಹೆಜ್ಜೆಯ ದಾರಿಯ ಸರಿಮಧ್ಯದಲ್ಲಿ ಒಂದು ಚೀಟಿ ಇರುತ್ತದೆ, ಇಲ್ಲಿ ಅದು 7. ಬೆಸ ಹೆಜ್ಜೆಯ ದಾರಿಯ ಮಧ್ಯ ಎರಡು ಚೀಟಿಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ಅಂದರೆ 2 ಮತ್ತು 5 ಇಬ್ಬರಿಗೂ ಸಮದೂರದಲ್ಲಿರುವ ತಂಡ ಒಂದೇ ಒಂದು. ಆ ಏಳನೇ ತಂಡ ತುದಿಗೆ ಬಂದು ಬಿಡುವು ಪಡೆದ ದಿನ 2 ಮತ್ತು 5 ಎದುರುಬದುರಾಗುತ್ತವೆ. ಬೇರೆ ಯಾವ ದಿನವೂ ಆಗುವುದಿಲ್ಲ. ಪ್ರತಿ ತಂಡವೂ ಒಮ್ಮೆ ಮಾತ್ರ ತುದಿಗೆ ಬರುವುದರಿಂದ ಪ್ರತಿ ಜೋಡಿಯೂ ಒಮ್ಮೆ ಮಾತ್ರ ಕೂಡುತ್ತದೆ.

ಇದೇ ವೃತ್ತದಲ್ಲಿ ಎಂಟು ಚೀಟಿ ಇಟ್ಟಿದ್ದರೆ ಕೆಲಸ ಕೆಡುತ್ತಿತ್ತು. ಆಗ ಎರಡು ದಾರಿಗಳೂ ಸಮ ಅಥವಾ ಎರಡೂ ಬೆಸ. ಕೆಲವು ಜೋಡಿಗಳಿಗೆ ಎರಡು ಮಧ್ಯ, ಕೆಲವಕ್ಕೆ ಒಂದೂ ಇಲ್ಲ. ಅದಕ್ಕೇ ಎಂಟು ತಂಡಗಳಿಗೆ ಪಟ್ಟಿ ಮಾಡುವವರು ಏಳನ್ನು ಮಾತ್ರ ವೃತ್ತದಲ್ಲಿ ತಿರುಗಿಸಿ, ಎಂಟನೆಯದನ್ನು ತುದಿಯಲ್ಲಿರುವ ತಂಡದ ಎದುರಾಳಿಯಾಗಿ ಕೂರಿಸುತ್ತಾರೆ. ಸಮ ಸಂಖ್ಯೆಯ ಪಟ್ಟಿ ಎಂದರೆ ಬೆಸ ಸಂಖ್ಯೆಯ ಪಟ್ಟಿಯಲ್ಲಿ ಬಿಡುವಿನ ಜಾಗಕ್ಕೆ ಒಂದು ತಂಡ ಬಂದು ಕೂತದ್ದು, ಅಷ್ಟೇ. ಬೆಸವೇ ತೊಡಕು ಎಂದು ಬಹಳ ಜನ ನಂಬಿದ್ದಾರೆ. ಪಟ್ಟಿ ಕಟ್ಟುವ ದೃಷ್ಟಿಯಿಂದ ಬೆಸವೇ ಮೂಲ.

ಬರೆದ ಪಟ್ಟಿ ಸರಿಯಿದೆಯೇ ಎಂದು ನೋಡುವ ಬಗೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೈಬರಹದಲ್ಲಿ ಒಂದು ಅಂಕಿ ತಪ್ಪಿದರೆ ನಾಲ್ಕನೇ ವಾರ ಎರಡು ತಂಡಗಳು ಮೈದಾನಕ್ಕೆ ಬಂದು, ನಾವು ಆಗಲೇ ಆಡಿದ್ದೇವಲ್ಲ ಎನ್ನುತ್ತವೆ. ಏಳು ಅಡ್ಡಸಾಲು, ಏಳು ಕಂಬಸಾಲಿನ ಚೌಕ ಗೀಚಿ. ಎರಡು ತಂಡಗಳ ಸಾಲು ಕೂಡುವ ಮನೆಯಲ್ಲಿ ಅವು ಎಷ್ಟನೇ ಸುತ್ತಿನಲ್ಲಿ ಆಡುತ್ತವೆ ಎಂದು ಬರೆಯಿರಿ. ತಂಡ ತನ್ನನ್ನೇ ಎದುರಿಸುವ ಓರೆ ಮನೆಯಲ್ಲಿ ಅದರ ಬಿಡುವಿನ ಸುತ್ತನ್ನು ಬರೆಯಿರಿ. ನಮ್ಮ ಪಟ್ಟಿಯಲ್ಲಿ ಒಂದನೇ ತಂಡದ ಸಾಲು 7, 3, 6, 2, 5, 1, 4 ಎಂದು ಬರುತ್ತದೆ. ಎರಡನೇ ತಂಡದ ಸಾಲು 3, 6, 2, 5, 1, 4, 7. ಮೂರನೆಯದು 6, 2, 5, 1, 4, 7, 3. ಪ್ರತಿ ಸಾಲೂ ಹಿಂದಿನ ಸಾಲನ್ನೇ ಎಡಕ್ಕೆ ಒಂದು ಮನೆ ಜರುಗಿಸಿದಂತಿದೆ, ಮುಂದಿದ್ದ ಅಂಕಿ ಹಿಂದಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಯಾವ ಸಾಲಿನಲ್ಲಾದರೂ ಒಂದು ಅಂಕಿ ಎರಡು ಸಲ ಬಂದಿದ್ದರೆ ಆ ತಂಡಕ್ಕೆ ಒಂದೇ ದಿನ ಎರಡು ಪಂದ್ಯ ಬಿದ್ದಿದೆ ಎಂದರ್ಥ. ಪಟ್ಟಿಯನ್ನು ಅಚ್ಚಿಗೆ ಕೊಡುವ ಮುಂಚೆ ಈ ಚೌಕಕ್ಕೆ ಹತ್ತು ನಿಮಿಷ ಕೊಡುವುದು ಒಳ್ಳೆಯದು.

ಈಗ ಸಾಲುಗಳ ಕ್ರಮಕ್ಕೆ ಬರೋಣ. ಇಲ್ಲಿಯವರೆಗಿನ ಮಾತು ಕಬಡ್ಡಿಗೂ ವಾಲಿಬಾಲಿಗೂ ಅನ್ವಯಿಸುತ್ತದೆ. ಕ್ರಿಕೆಟ್‌ನಲ್ಲಿ ಹೊತ್ತಿನ ಪ್ರಶ್ನೆಯೂ ಇದೆ. ಊರಿನ ಲೀಗಿಗೆ ಸಿಗುವುದು ಒಂದೇ ಮೈದಾನ. ಹತ್ತು ಹನ್ನೆರಡು ಓವರಿನ ಮೂರು ಪಂದ್ಯಗಳನ್ನು ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನ ಎರಡಕ್ಕೆ ಇಟ್ಟುಕೊಂಡರೆ ದಿನ ಸರಿಹೋಗುತ್ತದೆ. ಆದರೆ ಮೂರು ಹೊತ್ತೂ ಒಂದೇ ಅಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಪಿಚ್‌ನಲ್ಲಿ ತೇವ. ಮೊದಲು ಬ್ಯಾಟ್ ಮಾಡುವವರಿಗೆ ಕಷ್ಟ. ಹನ್ನೊಂದರ ಪಂದ್ಯದಲ್ಲಿ ಬಿಸಿಲಿಗೆ ಬೌಲರುಗಳು ಸುಸ್ತು. ಕೊನೆಯ ಪಂದ್ಯಕ್ಕೆ ಆಗಲೇ ಎರಡು ಪಂದ್ಯ ಆಡಿ ಸವೆದ ಪಿಚ್; ಹಿಂದಿನವು ತಡವಾದರೆ ಬೆಳಕೂ ಕೈಕೊಡುತ್ತದೆ. ಆರು ಪಂದ್ಯಗಳಲ್ಲಿ ನಾಲ್ಕು ನಮಗೆ ಉರಿಬಿಸಿಲಿನಲ್ಲೇ ಬಿದ್ದವು ಎಂದು ಒಂದು ತಂಡ ದೂರಿದರೆ ಆ ದೂರು ನ್ಯಾಯವಾದದ್ದೇ.

ವೃತ್ತ ಇದಕ್ಕೂ ಉತ್ತರ ಇಟ್ಟುಕೊಂಡಿದೆ. ಮೇಲಿನ ಸಾಲನ್ನು ಬೆಳಗಿನ ಪಂದ್ಯ, ನಡುವಿನದನ್ನು ಹನ್ನೊಂದರದು, ಕೆಳಗಿನದನ್ನು ಮಧ್ಯಾಹ್ನದ್ದು ಎಂದು ಗೊತ್ತು ಮಾಡಿ, ಏಳು ವಾರವೂ ಅದನ್ನು ಬದಲಿಸಬೇಡಿ. ಒಂದು ಚೀಟಿಯ ದಾರಿಯನ್ನು ಹಿಂಬಾಲಿಸಿ: ತುದಿಯಿಂದ ಇಳಿದು ಬಲಗಡೆ ಮೇಲು, ನಡು, ಕೆಳಗು, ಆಮೇಲೆ ಎಡಗಡೆ ಕೆಳಗು, ನಡು, ಮೇಲು, ಮತ್ತೆ ತುದಿ. ಮೂರೂ ಸಾಲುಗಳನ್ನು ಅದು ಎರಡೆರಡು ಸಲ ಹಾದುಹೋಗುತ್ತದೆ. ಹಾಗಾಗಿ ಪ್ರತಿ ತಂಡಕ್ಕೂ ಬೆಳಗಿನವು ಎರಡು, ಹನ್ನೊಂದರವು ಎರಡು, ಮಧ್ಯಾಹ್ನದವು ಎರಡು. ಮೂರನೇ ತಂಡವನ್ನು ಪಟ್ಟಿಯಲ್ಲಿ ನೋಡಿ. ಮೊದಲ ಎರಡು ವಾರ ಮಧ್ಯಾಹ್ನ, ಮೂರನೇ ವಾರ ಹನ್ನೊಂದಕ್ಕೆ, ನಾಲ್ಕನೇ ವಾರ ಬೆಳಿಗ್ಗೆ, ಐದನೇ ವಾರ ಬಿಡುವು, ಆರನೇ ವಾರ ಬೆಳಿಗ್ಗೆ, ಏಳನೇ ವಾರ ಹನ್ನೊಂದಕ್ಕೆ. ಪ್ರತ್ಯೇಕವಾಗಿ ಏನೂ ಲೆಕ್ಕ ಹಾಕದೆ ಇಷ್ಟು ಸಮನಾದ ಹಂಚಿಕೆ ಸಿಗುವುದು ಈ ವಿಧಾನದ ಬಗ್ಗೆ ನನಗಿರುವ ಅಭಿಮಾನಕ್ಕೆ ಮುಖ್ಯ ಕಾರಣ.

ಪ್ರತಿ ತಂಡಕ್ಕೂ ಸ್ವಂತ ಮೈದಾನವಿದ್ದರೆ ಪ್ರಶ್ನೆ ಬೇರೆ: ಯಾರು ಯಾರ ಊರಿಗೆ ಹೋಗಬೇಕು? ಒಂದು ವಾರ ತವರಿನಲ್ಲಿ, ಮರುವಾರ ಹೊರಗೆ ಎಂದು ಬದಲಾಗುತ್ತ ಹೋದರೆ ಎಲ್ಲರಿಗೂ ಸಮಾಧಾನ. ಮೇಲಿನ ಪಟ್ಟಿಯಲ್ಲಿ ಮೊದಲು ಬರೆದ ತಂಡವೇ ಆತಿಥೇಯ ಎಂದುಕೊಳ್ಳಿ. ಮೇಲಿನ ಮತ್ತು ಕೆಳಗಿನ ಸಾಲಿನಲ್ಲಿ ಬಲಗಡೆಯ ತಂಡಕ್ಕೆ, ನಡುವಿನ ಸಾಲಿನಲ್ಲಿ ಎಡಗಡೆಯ ತಂಡಕ್ಕೆ ತವರಿನ ಪಂದ್ಯ ಕೊಟ್ಟಿದ್ದೇನೆ. ಒಂದನೇ ತಂಡ ತವರು, ಹೊರಗೆ, ತವರು, ಹೊರಗೆ, ತವರು, ಹೊರಗೆ ಎಂದು ಆಡಿ ಏಳನೇ ವಾರ ಬಿಡುವು ಪಡೆಯುತ್ತದೆ. ನಾಲ್ಕನೇ ತಂಡ ಹೊರಗೆ, ತವರು, ಹೊರಗೆ ಆಡಿ, ಒಂದು ವಾರ ಬಿಟ್ಟು, ತವರು, ಹೊರಗೆ, ತವರು ಆಡುತ್ತದೆ. ಏಳೂ ತಂಡಗಳಿಗೆ ಮೂರು ತವರು, ಮೂರು ಹೊರಗೆ. ಯಾರಿಗೂ ಸತತ ಎರಡು ಪಂದ್ಯ ಹೊರಗಿಲ್ಲ. ಎಂಟು ತಂಡಗಳಿದ್ದರೆ ಇದು ಆಗದ ಮಾತು. ಬಿಡುವಿಲ್ಲದೆ ತಪ್ಪದೆ ಅದಲುಬದಲಾಗುವ ಕ್ರಮಗಳು ಎರಡೇ, ತವರಿನಿಂದ ಶುರುವಾಗುವುದು ಮತ್ತು ಹೊರಗಿನಿಂದ ಶುರುವಾಗುವುದು. ಒಂದೇ ಕ್ರಮ ಹಿಡಿದ ಎರಡು ತಂಡಗಳು ಯಾವಾಗಲೂ ಒಟ್ಟಿಗೇ ತವರಿನಲ್ಲಿ, ಇಲ್ಲವೇ ಒಟ್ಟಿಗೇ ಹೊರಗೆ ಇರುತ್ತವೆ. ಪರಸ್ಪರ ಆಡುವುದಾದರೂ ಎಂದು? ಬೆಸ ಸಂಖ್ಯೆಯಲ್ಲಿ ಬಿಡುವು ಬೇರೆ ಬೇರೆ ವಾರ ಬೀಳುವುದರಿಂದ ಏಳು ತಂಡಗಳಿಗೂ ಏಳು ಬೇರೆ ಕ್ರಮಗಳು ಸಿಗುತ್ತವೆ.

ವಿಧಾನದ ಒಂದು ಕೊರತೆಯನ್ನೂ ಹೇಳಬೇಕು. ಎಲ್ಲರೂ ಒಂದೇ ದಿಕ್ಕಿಗೆ ಸರಿಯುವುದರಿಂದ ಎದುರಾಳಿಗಳ ಸರದಿಯೂ ಒಂದೇ ಆಗಿಬಿಡುತ್ತದೆ. ಆರನೇ ತಂಡದ ಜೊತೆ ಆಡಿದವರು ಮರುಸುತ್ತಿನಲ್ಲಿ ನಾಲ್ಕನೇ ತಂಡಕ್ಕೆ ಸಿಗುತ್ತಾರೆ. ಮೊದಲ ಸುತ್ತಿನಲ್ಲಿ 6ರ ಎದುರಾಳಿ 1, ಎರಡನೆಯದರಲ್ಲಿ 4ರ ಎದುರಾಳಿ 1. ನಾಲ್ಕರಲ್ಲಿ 6ಕ್ಕೆ 2, ಐದರಲ್ಲಿ 4ಕ್ಕೆ 2. ಹೀಗೆ ಒಟ್ಟು ನಾಲ್ಕು ಸಲ. ಆರನೇ ತಂಡ ಬಹಳ ಬಲಿಷ್ಠವಾಗಿದ್ದರೆ, ಅದರ ಕೈಯಲ್ಲಿ ಸೋತು ಕುಗ್ಗಿದ ತಂಡಗಳು ಒಂದೊಂದಾಗಿ ನಾಲ್ಕನೇ ತಂಡದ ಪಾಲಾಗುತ್ತವೆ. ವಾರಕ್ಕೊಂದು ಪಂದ್ಯವಿರುವಾಗ ಇದರ ಪರಿಣಾಮ ಕಡಿಮೆ. ದಿನ ಬಿಟ್ಟು ದಿನ ಆಡುವ ಲೀಗಿನಲ್ಲಿ, ನಿನ್ನೆ ಮೊನ್ನೆ ಪೂರ್ತಿ ಓವರ್ ಹಾಕಿದ ವೇಗದ ಬೌಲರುಗಳ ಎದುರು ಆಡುವ ಅನುಕೂಲ ಒಂದೇ ತಂಡಕ್ಕೆ ಮತ್ತೆ ಮತ್ತೆ ಸಿಗುವುದು ಸಣ್ಣ ವಿಷಯವಲ್ಲ. ಅದಕ್ಕೆ ಪರಿಹಾರ, ಸುತ್ತುಗಳ ಸರದಿಯನ್ನು ಕಲಸುವುದು. ಐದನೇ ಸುತ್ತನ್ನು ಎರಡನೇ ವಾರ ಆಡಿಸಿ, ಎರಡನೆಯದನ್ನು ಆರನೇ ವಾರ ಆಡಿಸಿ. ಹೊತ್ತಿನ ಹಂಚಿಕೆಯಾಗಲೀ ತವರಿನ ಪಂದ್ಯಗಳ ಸಂಖ್ಯೆಯಾಗಲೀ ಇದರಿಂದ ಕೆಡುವುದಿಲ್ಲ. ತವರು, ಹೊರಗೆ ಎಂಬ ಅದಲುಬದಲು ಮಾತ್ರ ಅಲ್ಲಲ್ಲಿ ತಪ್ಪುತ್ತದೆ. ಒಂದೇ ಮೈದಾನದ ಲೀಗಿಗೆ ಅದರ ಚಿಂತೆಯೇ ಇಲ್ಲ.

ಪಟ್ಟಿ ಎಷ್ಟೇ ಸಮನಾಗಿದ್ದರೂ ಬಿಡುವು ಬೀಳುವ ವಾರ ಎಲ್ಲರಿಗೂ ಒಂದೇ ಬೆಲೆಯದ್ದಲ್ಲ. ಮೊದಲ ವಾರದ ಬಿಡುವಿನಿಂದ ಯಾರಿಗೂ ಹೆಚ್ಚಿನ ನಷ್ಟವಿಲ್ಲ. ಕೊನೆಯ ವಾರ ಬಿಡುವು ಬಿದ್ದವರು ತಮ್ಮ ಆರೂ ಪಂದ್ಯ ಮುಗಿಸಿ, ಬೇರೆಯವರು ತಮ್ಮ ಭವಿಷ್ಯ ಬರೆಯುವುದನ್ನು ನೋಡುತ್ತ ಕೂರಬೇಕು. ಕೊನೆಯ ದಿನ ಆಡುವವರಿಗೆ ಎಷ್ಟು ರನ್ನಿನಿಂದ ಗೆದ್ದರೆ ಸಾಕು, ನೆಟ್ ರನ್ ರೇಟ್ ಎಲ್ಲಿಗೆ ಮುಟ್ಟಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

2012ರ ಐಪಿಎಲ್ ನೆನಪಿಸಿಕೊಳ್ಳಿ. ಕೊಚ್ಚಿ ತಂಡ ರದ್ದಾದ ಮೇಲೆ ಒಂಬತ್ತು ತಂಡ ಉಳಿದವು. ಪ್ರತಿ ತಂಡವೂ ಉಳಿದ ಎಂಟರ ಮೇಲೆ ಎರಡೆರಡು ಸಲ, ಒಟ್ಟು 72 ಲೀಗ್ ಪಂದ್ಯ. ತಂಡಗಳು ಬೆಸವಾದ್ದರಿಂದ ಎಲ್ಲರೂ ಒಟ್ಟಿಗೆ ಲೀಗ್ ಮುಗಿಸುವುದು ಸಾಧ್ಯವೇ ಇರಲಿಲ್ಲ. ಚೆನ್ನೈ ಮೇ 17ರಂದು ಧರ್ಮಶಾಲೆಯಲ್ಲಿ ಪಂಜಾಬಿಗೆ ಸೋತು, 17 ಪಾಯಿಂಟ್ ಇಟ್ಟುಕೊಂಡು ತನ್ನ ಹದಿನಾರೂ ಪಂದ್ಯ ಮುಗಿಸಿತು. ಬೆಂಗಳೂರಿಗೂ 17 ಪಾಯಿಂಟ್, ಕೈಯಲ್ಲಿ ಇನ್ನೊಂದು ಪಂದ್ಯ. ಮೇ 20ರಂದು ಹೈದರಾಬಾದಿನಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ ಗೆದ್ದರೆ ಬೆಂಗಳೂರು ಮುಂದಕ್ಕೆ, ಚೆನ್ನೈ ಮನೆಗೆ. ಡೇಲ್ ಸ್ಟೇನ್ ಬೌಲಿಂಗ್ ಎದುರು ಬೆಂಗಳೂರು ಒಂಬತ್ತು ರನ್ನಿನಿಂದ ಸೋತಿತು. ಪಾಯಿಂಟ್ ಸಮ, ನೆಟ್ ರನ್ ರೇಟ್ ಮೇಲೆ ಚೆನ್ನೈ ಪ್ಲೇಆಫ್‌ಗೆ ಹೋಗಿ ಫೈನಲ್ ಕೂಡ ಆಡಿತು. ಕೊನೆಯ ಪಂದ್ಯ ಕೈಯಲ್ಲಿರುವುದು ಅನುಕೂಲವೇ ಆದರೂ ಆ ಸಲ ಅದು ಬೆಂಗಳೂರಿಗೆ ಫಲಿಸಲಿಲ್ಲ.

ಈ ಅಸಮತೆಯನ್ನು ಪೂರ್ತಿ ಅಳಿಸಲು ಯಾವ ಪಟ್ಟಿಗೂ ಆಗುವುದಿಲ್ಲ. ಬೆಸ ಸಂಖ್ಯೆಯಲ್ಲಿ ಕೊನೆಯ ಸುತ್ತಿಗೆ ಒಬ್ಬರು ಹೊರಗುಳಿಯಲೇಬೇಕು. ಆದ್ದರಿಂದ ಮೊದಲು ಅಂಕಿಗಳ ಪಟ್ಟಿ ಸಿದ್ಧಪಡಿಸಿ, ಅದನ್ನು ಎಲ್ಲ ನಾಯಕರಿಗೂ ತೋರಿಸಿ, ಆಮೇಲೆ ಅವರ ಎದುರಿನಲ್ಲೇ ಚೀಟಿ ಎತ್ತಿಸಿ ಯಾವ ಅಂಕಿ ಯಾರಿಗೆ ಎಂದು ತೀರ್ಮಾನಿಸಬೇಕು. ಹೆಸರುಗಳನ್ನು ಮೊದಲು ಬರೆದು ಆಮೇಲೆ ಪಟ್ಟಿ ಮಾಡಿದರೆ, ಬಿಡುವು ಬೇಕೆಂದೇ ಅಲ್ಲಿಟ್ಟರು ಎಂಬ ಅನುಮಾನಕ್ಕೆ ದಾರಿಯಾಗುತ್ತದೆ. ಬಿಡುವಿಗೆ ಪಾಯಿಂಟ್ ಇಲ್ಲ ಎಂಬುದನ್ನೂ ಅದೇ ದಿನ ಹೇಳಿಬಿಡಬೇಕು. ನಾಕೌಟ್ ಟೂರ್ನಿಯಲ್ಲಿ ಬೈ ಸಿಕ್ಕ ತಂಡ ಆಡದೆಯೇ ಮುಂದಿನ ಹಂತಕ್ಕೆ ಹೋಗುತ್ತದೆ, ಆ ರೂಢಿಯಿಂದ ಲೀಗಿನಲ್ಲೂ ಎರಡು ಪಾಯಿಂಟ್ ಕೇಳುವವರಿದ್ದಾರೆ. ಪಾಯಿಂಟ್ ಪಟ್ಟಿಯಲ್ಲಿ ಆಡಿದ ಪಂದ್ಯಗಳ ಸಂಖ್ಯೆ ತಪ್ಪದೆ ಇರಲಿ. ನಮ್ಮ ಲೀಗಿನಲ್ಲಿ ಆರು ವಾರ ಕಳೆದಾಗ ಒಂದನೇ ತಂಡ ಆರು ಪಂದ್ಯ ಆಡಿರುತ್ತದೆ, ಉಳಿದ ಆರೂ ತಂಡಗಳು ಐದೈದು. ಅದನ್ನು ನೋಡದೆ ಪಾಯಿಂಟ್ ಮಾತ್ರ ಓದಿದವರಿಗೆ ಒಂದನೇ ತಂಡ ಇರುವುದಕ್ಕಿಂತ ಮೇಲೆ ಕಾಣುತ್ತದೆ.

ಮಳೆ ಬಂದು ಪಂದ್ಯ ನಿಂತರೆ? ಬಿಡುವಿನ ದಿನ ಆಡಿಸೋಣ ಎಂಬ ಮಾತು ಕೂಡಲೇ ಬರುತ್ತದೆ. ಪಟ್ಟಿ ನೋಡಿದರೆ ಅದು ಆಗುವುದಿಲ್ಲ ಎಂದು ತಿಳಿಯುತ್ತದೆ. ಮೊದಲ ವಾರ 3 ಮತ್ತು 4ರ ಪಂದ್ಯ ಮಳೆಗೆ ಹೋಯಿತು ಎನ್ನಿ. ನಾಲ್ಕನೇ ತಂಡಕ್ಕೆ ಬಿಡುವು ನಾಲ್ಕನೇ ವಾರ, ಆಗ ಮೂರನೆಯದು ಐದನೆಯದರ ಜೊತೆ ಆಡುತ್ತಿರುತ್ತದೆ. ಮೂರನೇ ತಂಡಕ್ಕೆ ಬಿಡುವು ಐದನೇ ವಾರ, ಆಗ ನಾಲ್ಕನೆಯದು ಎರಡನೆಯದರ ಎದುರು. ಯಾವ ಎರಡು ತಂಡಗಳಿಗೂ ಒಂದೇ ವಾರ ಬಿಡುವಿಲ್ಲ. ಆದ್ದರಿಂದ ಎಂಟನೇ ಭಾನುವಾರವನ್ನು ಮೊದಲೇ ಕಾದಿರಿಸಬೇಕು, ಇಲ್ಲವೇ ಒಂದೊಂದು ಪಾಯಿಂಟ್ ಹಂಚಬೇಕು. ಆ ಒಂದು ಪಾಯಿಂಟ್ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂಬತ್ತು ತಂಡಗಳ ಇನ್ನೊಂದು ಪಂದ್ಯಾವಳಿ ಸಾಕ್ಷಿ. 1992ರ ವಿಶ್ವಕಪ್‌ನಲ್ಲಿ ಅಡಿಲೇಡ್‌ನಲ್ಲಿ ಇಂಗ್ಲೆಂಡ್ ಎದುರು 74ಕ್ಕೆ ಆಲೌಟ್ ಆದ ಪಾಕಿಸ್ತಾನಕ್ಕೆ ಮಳೆಯಿಂದ ಒಂದು ಪಾಯಿಂಟ್ ಸಿಕ್ಕಿತು. ಲೀಗ್ ಕೊನೆಯಲ್ಲಿ ಪಾಕಿಸ್ತಾನಕ್ಕೆ 9, ಆಸ್ಟ್ರೇಲಿಯಾಕ್ಕೆ 8. ಸೆಮಿಫೈನಲ್‌ಗೆ ಹೋಗಿ ಕಪ್ ಗೆದ್ದದ್ದು ಪಾಕಿಸ್ತಾನ.

ಅದೇ ವಿಶ್ವಕಪ್‌ನಲ್ಲಿ ತಡವಾಗಿ ಬಂದ ತಂಡದ ಪ್ರಶ್ನೆಯೂ ಎದ್ದಿತ್ತು. ಮೊದಲು ಹಾಕಿದ್ದ ಪಟ್ಟಿ ಎಂಟು ತಂಡಗಳದು, 28 ಲೀಗ್ ಪಂದ್ಯ. 1991ರಲ್ಲಿ ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಮರಳಿದ್ದರಿಂದ ಪಟ್ಟಿಯನ್ನು ಬದಲಿಸಬೇಕಾಯಿತು. ಎಂಟು ಪಂದ್ಯ ಹೆಚ್ಚಿ 36 ಆದವು. ಎಂಟಕ್ಕೆ ಏಳು ಸುತ್ತು ಸಾಕು, ಒಂಬತ್ತಕ್ಕೆ ಒಂಬತ್ತು ಬೇಕು. ಒಂದೇ ತಂಡ ಸೇರಿದ್ದಕ್ಕೆ ಎರಡು ಸುತ್ತು ಹೆಚ್ಚಾಯಿತು. ಬೆಸದಿಂದ ಸಮಕ್ಕೆ ಹೋಗುವಾಗ ಈ ಕಷ್ಟವಿಲ್ಲ. ನಮ್ಮ ಏಳು ತಂಡಗಳ ಪಟ್ಟಿ ಅಂಟಿಸಿದ ಮರುದಿನ ಎಂಟನೇ ತಂಡ ಹಣ ಕಟ್ಟಿತು ಎನ್ನಿ. ಬಿಡುವು ಎಂದು ಬರೆದ ಕಡೆಯಲ್ಲೆಲ್ಲ ಅದರ ಹೆಸರು ಸೇರಿಸಿದರೆ ಮುಗಿಯಿತು: ಮೊದಲ ವಾರ 7ರ ಎದುರು, ಎರಡನೇ ವಾರ 6ರ ಎದುರು, ಹೀಗೆ. ಒಂದು ಭಾನುವಾರವೂ ಹೆಚ್ಚುವುದಿಲ್ಲ, ಬರೆದ ಒಂದು ಪಂದ್ಯವೂ ಕದಲುವುದಿಲ್ಲ. ದಿನಕ್ಕೆ ನಾಲ್ಕನೇ ಪಂದ್ಯಕ್ಕೆ ಹೊತ್ತು ಹುಡುಕುವುದಷ್ಟೇ ಕೆಲಸ. ಎಂಟರ ಪಟ್ಟಿಯಿಂದ ಒಂದು ತಂಡ ಶುರುವಿಗೆ ಮುಂಚೆಯೇ ಹಿಂದೆ ಸರಿದರೂ ಹೀಗೆಯೇ, ಅದರ ಹೆಸರಿದ್ದ ಕಡೆ ಬಿಡುವು ಎಂದು ಬರೆದರೆ ಸಾಕು.

ಏಳರಲ್ಲಿ ಒಂದು ತಂಡ ಲೀಗ್ ನಡುವೆ ಕೈಬಿಟ್ಟು ಹೋದಾಗ ಮಾತ್ರ ಪಟ್ಟಿ ಏನನ್ನೂ ಹೇಳುವುದಿಲ್ಲ, ನಿಯಮಾವಳಿ ಹೇಳಬೇಕು. ಮೂರು ವಾರ ಆಡಿ ಎರಡನೇ ತಂಡ ಹೊರಟುಹೋಯಿತು ಎನ್ನಿ. ಅದು 5, 3 ಮತ್ತು 1ರ ಜೊತೆ ಆಡಿಯಾಗಿದೆ. 6, 4, 7ರ ಜೊತೆ ಆಡಬೇಕಿತ್ತು. ಉಳಿದ ಪಂದ್ಯಗಳನ್ನು ಎದುರಾಳಿಗೆ ವಾಕ್‌ಓವರ್ ಕೊಟ್ಟರೆ 6, 4, 7ಕ್ಕೆ ಬೆವರು ಹರಿಸದೆ ಎರಡೆರಡು ಪಾಯಿಂಟ್. ಈಗಾಗಲೇ ಅದರ ಕೈಯಲ್ಲಿ ಸೋತ ತಂಡಕ್ಕೆ ಏನೂ ಇಲ್ಲ. ಆಡಿದ್ದೆಲ್ಲವನ್ನೂ ಅಳಿಸಿದರೆ, ಕಷ್ಟಪಟ್ಟು ಗೆದ್ದವರ ಪಾಯಿಂಟೂ ನೆಟ್ ರನ್ ರೇಟೂ ಹೋಗುತ್ತದೆ, ಆದರೆ ಉಳಿದ ಆರು ತಂಡಗಳು ಸಮನಾದ ಐದೈದು ಪಂದ್ಯಗಳ ಮೇಲೆ ನಿಲ್ಲುತ್ತವೆ. ನನ್ನ ಮಟ್ಟಿಗೆ ಎರಡನೆಯದೇ ಸರಿ, ಅರ್ಧ ದಾರಿಯಲ್ಲಿ ಬಿಟ್ಟುಹೋದ ತಂಡದ ಎಲ್ಲ ಫಲಿತಾಂಶಗಳನ್ನೂ ತೆಗೆದುಹಾಕಬೇಕು. ಒಂದೇ ಒಂದು ಪಂದ್ಯ ಬಾಕಿ ಇರುವಾಗ ಬಿಟ್ಟುಹೋದರೆ ಮಾತ್ರ ಆಡಿದ ಐದು ಫಲಿತಾಂಶಗಳನ್ನು ಅಳಿಸಲು ಮನಸ್ಸು ಬರುವುದಿಲ್ಲ. ಆಗ ಆ ಒಂದಕ್ಕೆ ವಾಕ್‌ಓವರ್ ಕೊಡುವುದು ಮೇಲು. ಎಲ್ಲಿಯವರೆಗೆ ಅಳಿಸುವುದು, ಎಲ್ಲಿಂದ ವಾಕ್‌ಓವರ್ ಎಂಬ ಗೆರೆಯನ್ನು ಚೀಟಿ ಎತ್ತುವ ದಿನವೇ ಬರೆದು ಏಳೂ ನಾಯಕರ ಸಹಿ ಹಾಕಿಸಿಕೊಳ್ಳಬೇಕು.